₹560 ಹೋಗಿ ₹525 ಬಂದಾಗ

2025ರ ಸೆಪ್ಟೆಂಬರ್ 22ರಂದು ತುಪ್ಪದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಮೈಸೂರಿನ ಒಂದು ಕಾಂಡಿಮೆಂಟ್ಸ್ ಅಂಗಡಿಯ ಯಜಮಾನರು ಅಂದೇ ಬೆಲೆಪಟ್ಟಿ ಬದಲಿಸಿದರು. ತೆರಿಗೆ ಬಿಟ್ಟು ₹500 ಬೀಳುವ ಒಂದು ಕೆ.ಜಿ. ತುಪ್ಪ ₹560ರಿಂದ ₹525ಕ್ಕೆ ಬಂತು. ಯೂಟ್ಯೂಬ್‌ನಲ್ಲಿದ್ದ ಹಳೆಯ ಜಾಹೀರಾತು ಮಾತ್ರ ₹560 ಎಂದೇ ಹೇಳುತ್ತಿತ್ತು. ‘ತೆರಿಗೆ ಇಳಿದರೂ ನೀವು ಇಳಿಸಿಲ್ವಲ್ಲ’ ಎಂದು ಗಿರಾಕಿಗಳು ಫೋನಿನಲ್ಲೇ ಕೇಳತೊಡಗಿದರು.

ವಿಡಿಯೊ ಎಡಿಟರ್‌ಗೆ ಯಜಮಾನರು ಮೊದಲು ಕಳಿಸಿದ್ದು ಒಂದೇ ಸಾಲು: ‘ಸರ್, ವಿಡಿಯೊ ಸ್ವಲ್ಪ ಹೊಸದಾಗಿ ಮಾಡಿಕೊಡಿ.’ ಹೊಸ ಶೂಟಿಂಗ್, ಹೊಸ ಧ್ವನಿ ಎಲ್ಲವನ್ನೂ ಸೇರಿಸಿ ಎಡಿಟರ್ ₹9,000 ಹೇಳಿದರು. ಏನು ಬದಲಾಗಬೇಕು ಎಂಬುದೇ ಗೊತ್ತಿಲ್ಲದಿದ್ದರೆ ಯಾರಾದರೂ ಹಾಗೇ ಲೆಕ್ಕ ಹಾಕುತ್ತಾರೆ. ಆ ಅಂಗಡಿಯ ಲೆಕ್ಕಪತ್ರ ನೋಡುವ ಈ ಅಂಕಣಕಾರ ಯಜಮಾನರ ಜೊತೆ ಕೂತು, ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಎರಡನೆಯ ಪತ್ರ ಬರೆಸಿದರು.

‘ನಮಸ್ಕಾರ ಸರ್. 12ನೇ ಸೆಕೆಂಡಿನಲ್ಲಿ ಕಾಣುವ ₹560 ತೆಗೆದು ₹525 ಹಾಕಿ. 14ನೇ ಸೆಕೆಂಡಿನಲ್ಲಿ ಬೆಲೆ ಹೇಳುವ ಮಾತು ಬೇಡ, ಅಲ್ಲಿ ಸಂಗೀತವಷ್ಟೇ ಇರಲಿ. ಕೊನೆಯಲ್ಲಿ ಬರುವ ಫೋನ್ ನಂಬರ್ ಬದಲಾಗಿದೆ, ಹೊಸದನ್ನು ಬೋರ್ಡಿನ ಫೋಟೊ ಜೊತೆ ಕಳಿಸಿದ್ದೇನೆ. ಉಳಿದದ್ದು ಹಾಗೇ ಇರಲಿ. ಹಳೆಯ ಪ್ರಾಜೆಕ್ಟ್ ಫೈಲ್ ನಿಮ್ಮ ಹತ್ತಿರ ಇದೆಯೇ?’

ಕೊನೆಯ ಆ ಪ್ರಶ್ನೆಯೇ ಖರ್ಚನ್ನು ತೀರ್ಮಾನಿಸುತ್ತದೆ. ಅಂಗಡಿಯವರ ಮೊಬೈಲಿನಲ್ಲಿರುವ ವಿಡಿಯೊದಲ್ಲಿ ಚಿತ್ರ, ಅಕ್ಷರ, ಮಾತು, ಸಂಗೀತ ಎಲ್ಲ ಬೆರೆತು ಒಂದಾಗಿರುತ್ತವೆ. ಅದರಿಂದ ಬೆಲೆ ತೆಗೆಯಬೇಕೆಂದರೆ ಮೇಲೊಂದು ಪಟ್ಟಿ ಅಂಟಿಸಬೇಕು. ಮಾತು ಕತ್ತರಿಸಿದರೆ ಸಂಗೀತವೂ ಅಲ್ಲಿ ತುಂಡಾಗುತ್ತದೆ, ಕೇಳುವವರಿಗೆ ಅದು ತಕ್ಷಣ ತಿಳಿಯುತ್ತದೆ. ಪ್ರಾಜೆಕ್ಟ್ ಫೈಲ್‌ನಲ್ಲಿ ಇವೆಲ್ಲ ಬೇರೆ ಬೇರೆ ಪದರಗಳಲ್ಲಿರುತ್ತವೆ. ಆದರೆ ಫೈಲ್ ಒಂದೇ ಇದ್ದರೆ ಸಾಲದು, ಅದು ಬಳಸಿದ ಮೂಲ ದೃಶ್ಯಗಳೂ ಉಳಿದಿರಬೇಕು. ಈ ಎಡಿಟರ್ ಎರಡನ್ನೂ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದರು. ಬಿಲ್ಲು ₹2,500ಕ್ಕೆ ಇಳಿಯಿತು.

ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ ₹450. ಅಂಗಡಿ ಸಾಮಾನ್ಯ ನೋಂದಣಿಯಲ್ಲಿದ್ದು, ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಸರಿಯಾಗಿದ್ದು, ಎಡಿಟರ್ ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿದರೆ, ಈ ಹಣವನ್ನು ಅಂಗಡಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಅವರು ₹2,950 ಪೂರ್ತಿ ಖರ್ಚೆಂದೇ ಬರೆಯಬೇಕು.

ಹೊಸ ವಿಡಿಯೊ ಬಂದ ಮೇಲೂ ಒಂದು ಕೆಲಸ ಉಳಿದಿತ್ತು. ಹಳೆಯ ಲಿಂಕ್‌ನಲ್ಲೇ ಹೊಸ ಫೈಲ್ ಕೂರಿಸಲು ಯೂಟ್ಯೂಬ್ ಬಿಡುವುದಿಲ್ಲ, ಮತ್ತೆ ಹಾಕಿದರೆ ಬೇರೆಯದೇ ಲಿಂಕ್ ಸಿಗುತ್ತದೆ. ಅಂಗಡಿಯ ಕ್ಯಾರಿ ಕವರ್‌ಗಳ ಮೇಲೆ ಅಚ್ಚಾಗಿದ್ದ ಕ್ಯೂಆರ್ ಕೋಡ್ ಹಳೆಯದಕ್ಕೇ ಹೋಗುತ್ತಿತ್ತು. ಹಾಗಾಗಿ ಯಜಮಾನರು ಹಳೆಯ ವಿಡಿಯೊವನ್ನು ಪ್ರೈವೇಟ್ ಮಾಡಿ, ಉಳಿದ ಕವರ್‌ಗಳಿಗೆ ಹೊಸ ಕೋಡಿನ ಸ್ಟಿಕರ್ ಅಂಟಿಸಿದರು.