ಮೊದಲು ಬಂದ ಕೆಲಸಕ್ಕೆ ಮೂರು ದಿನ ಗಡುವು ಕೇಳು

ಪ್ರಿಯ ತಮ್ಮಾ,

ಗಣಿಯಿಂದ ನಿನ್ನನ್ನು ತೆಗೆದ ಸುದ್ದಿ ಸಂಡೂರಿನವರಿಂದ ತಿಳಿಯಿತು. ನೀನು ಮರುದಿನವೇ ತೋರಣಗಲ್ಲಿನ ಗುತ್ತಿಗೆದಾರನ ಹತ್ತಿರ ಹೋಗಿದ್ದೆಯಂತೆ, ಅವನು ಹದಿನಾರು ಸಾವಿರ ಹೇಳಿದನಂತೆ. ಹ್ಞೂಂ ಅನ್ನುವ ಮೊದಲು ಇದನ್ನು ಓದು.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ನೀನಿನ್ನೂ ಓದುತ್ತಿದ್ದೆ. ಸಂಡೂರು, ಹೊಸಪೇಟೆಯಲ್ಲಿ ಲಾರಿ ಚಾಲಕ, ಕ್ಲೀನರ್, ವೇಬ್ರಿಡ್ಜ್ ಗುಮಾಸ್ತ ಎಲ್ಲರೂ ಒಟ್ಟಿಗೇ ಬೀದಿಗೆ ಬಿದ್ದರು. ಎಲ್ಲರೂ ಹೋಗಿ ನಿಂತದ್ದು ಅದೇ ನಾಲ್ಕು ಬಾಗಿಲಲ್ಲಿ. ಒಂದು ಕುರ್ಚಿಗೆ ಹತ್ತು ಜನ ನಿಂತರೆ ಸಂಬಳ ಹೇಳುವವನು ಕುರ್ಚಿಯ ಮಾಲೀಕ. 2012ರ ಕೊನೆಯ ಹೊತ್ತಿಗೆ ‘ಎ’ ದರ್ಜೆಯ ಗಣಿಗಳು ಒಂದೊಂದಾಗಿ ಮತ್ತೆ ಶುರುವಾದವು. ‘ಸಿ’ ದರ್ಜೆಯ ಗುತ್ತಿಗೆಗಳು 2013ರ ಏಪ್ರಿಲ್‌ನಲ್ಲಿ ರದ್ದೇ ಆದವು. ಹಾಗಾಗಿ ಸುಮ್ಮನೆ ಕಾಯಿ ಅಂತ ನಾನು ಹೇಳುವುದಿಲ್ಲ. ಎಷ್ಟು ತಿಂಗಳು ಕಾಯಬಲ್ಲೆ ಅನ್ನುವುದನ್ನು ಮೊದಲು ಕಾಗದದ ಮೇಲೆ ಬರೆದುಕೋ.

ಅದಕ್ಕೂ ಮುಂಚೆ ಒಂದು ಎಚ್ಚರ. ಕಚೇರಿಯವರು ‘ರಾಜೀನಾಮೆ ಬರೆದುಕೊಡು, ಲೆಕ್ಕ ಬೇಗ ಚುಕ್ತಾ ಮಾಡ್ತೀವಿ’ ಅಂದರೆ ಬರೆಯಬೇಡ. ಗುಮಾಸ್ತನಾಗಿ ಎಂಟು ವರ್ಷ ದುಡಿದವನನ್ನು ಅವರೇ ತೆಗೆದರೆ ಕಾನೂನಿನ ಪ್ರಕಾರ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಪರಿಹಾರ ಕೊಡಬೇಕು. ನೀನಾಗಿಯೇ ಬಿಟ್ಟೆ ಅಂತ ಬರೆದುಕೊಟ್ಟರೆ ಆ ಪರಿಹಾರ ಹೋಯಿತು. ಗ್ರಾಚ್ಯುಟಿ ಮಾತ್ರ ಉಳಿಯುತ್ತದೆ, ಐದು ವರ್ಷ ದಾಟಿದೆಯಲ್ಲ.

ಈಗ ಲೆಕ್ಕ. ನಿನ್ನ ಸಂಬಳ 24,000, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 15,000 ಅಂತ ಹಿಡಿಯೋಣ. ಗ್ರಾಚ್ಯುಟಿ ಅಂದರೆ 15,000ವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ ಎಂಟು ವರ್ಷದಿಂದ ಗುಣಿಸುವುದು: ಸುಮಾರು 69,000. ಪರಿಹಾರ ಅರ್ಧ ತಿಂಗಳಿಗೆ 12,000ದಂತೆ 96,000. ನೋಟಿಸಿನ ಸಂಬಳ 24,000. ಎಲ್ಲ ಸೇರಿ 1,89,000. ಬಾಡಿಗೆ, ರೇಷನ್ನು, ಮಕ್ಕಳ ಫೀಸು, ಬೈಕಿನ ಕಂತು ಸೇರಿ ತಿಂಗಳಿಗೆ 18,000 ಬೇಕಾದರೆ ಹತ್ತು ತಿಂಗಳು ದಾಟುತ್ತದೆ. ಆದರೆ ದುಡ್ಡು ಹೇಳಿದ ದಿನಕ್ಕೆ ಕೈಗೆ ಬರುವುದಿಲ್ಲ, ಬಂದದ್ದರಲ್ಲಿ ಕೈಸಾಲವೂ ತೀರಬೇಕು. ಅರ್ಧವನ್ನೇ ನಂಬು. ಆಗಲೂ ಐದು ತಿಂಗಳಿದೆ.

ಪಿಎಫ್ ಈ ಲೆಕ್ಕಕ್ಕೆ ತರಬೇಡ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿನ್ನದು ಎಂಟಾಗಿದೆ. ಪಿಂಚಣಿ ಭಾಗವನ್ನು ಈಗ ತೆಗೆದುಬಿಟ್ಟರೆ ಆ ಎಂಟು ವರ್ಷ ಲೆಕ್ಕದಿಂದ ಹೋಗುತ್ತದೆ. ಅದೇ ಯುಎಎನ್ ಸಂಖ್ಯೆಯನ್ನು ಹೊಸ ಕಡೆಗೆ ಕೊಟ್ಟರೆ ಇನ್ನೆರಡು ವರ್ಷ ಸಾಕು.

ಇನ್ನು ಆ ಹದಿನಾರು ಸಾವಿರ. ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗಿಬರಲು ದಿನಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ಪೆಟ್ರೋಲಿಗೇ ತಿಂಗಳಿಗೆ ಮೂರು ಸಾವಿರದ ಮೇಲೆ. ಉಳಿದದ್ದು ಹದಿಮೂರಕ್ಕೂ ಕಡಿಮೆ, ಅದೂ ಹನ್ನೆರಡು ತಾಸಿನ ಶಿಫ್ಟಿಗೆ. ಅಷ್ಟು ತಾಸು ಅಲ್ಲಿ ಕಳೆದರೆ ಬೇರೆ ಕೆಲಸ ಹುಡುಕುವುದು ಯಾವಾಗ? ಅವನ ಹತ್ತಿರ ಮೂರು ದಿನ ಗಡುವು ಕೇಳು. ನೇಮಕಾತಿ ಪತ್ರ ಕೊಡುತ್ತೀರಾ, ಪಿಎಫ್ ಕಟ್ಟುತ್ತೀರಾ, ವಾರದ ರಜೆ ಇದೆಯಾ, ನಿಮ್ಮ ಗುತ್ತಿಗೆ ಎಲ್ಲಿಯವರೆಗೆ ಅಂತ ಕೇಳು. ನಾಳೆಯೇ ಸೇರದಿದ್ದರೆ ಬೇರೆಯವನಿದ್ದಾನೆ ಅಂದು ಪ್ರಶ್ನೆಗೆ ಉತ್ತರ ಕೊಡದವನು ಆಮೇಲೂ ಕೊಡುವುದಿಲ್ಲ.

ಹುಡುಕುವಾಗ ‘ಗಣಿ ಕೆಲಸ’ ಅಂತ ಕೇಳಬೇಡ. ನಿನಗೆ ಬರುವುದು ತೂಕ, ಪರ್ಮಿಟ್ಟು, ಇ-ವೇ ಬಿಲ್ಲು, ದಾಸ್ತಾನಿನ ಲೆಕ್ಕ. ಕಂಪ್ಲಿ ಕಡೆಯ ಅಕ್ಕಿ ಗಿರಣಿಗಳಿಗೂ ಸಾಗಣೆ ಕಚೇರಿಗಳಿಗೂ ಬೇಕಾದದ್ದು ಅದೇ. ಭತ್ತದ ಕೊಯ್ಲಿಗೆ ಮುಂಚೆ ಹೋಗಿ ಮಾತಾಡಿದರೆ ನಿನ್ನ ಮಾತಿಗೆ ಬೆಲೆಯಿರುತ್ತದೆ. ಹಂಪಿಯ ವಸತಿಗೃಹಗಳಲ್ಲಿ ಚಳಿಗಾಲದ ಸೀಸನ್ನಿಗೆ ಲೆಕ್ಕ ಬರೆಯುವವರು ಬೇಕಾಗಬಹುದು, ಅದು ಕೆಲವೇ ತಿಂಗಳ ಮಾತು ಅಂತ ತಿಳಿದೇ ಹೋಗು. ಒಂದು ನೋಟುಪುಸ್ತಕದಲ್ಲಿ ಹೋದ ಜಾಗ, ಮಾತಾಡಿದವರು, ಹೇಳಿದ ಸಂಬಳ, ಮತ್ತೆ ಕೇಳಬೇಕಾದ ದಿನ ಬರೆ. ಎಲ್ಲೆಡೆ ಹದಿನಾರೇ ಹೇಳಿದರೆ ಪೇಟೆಯ ಬೆಲೆ ಅಷ್ಟೇ ಅಂತ ಒಪ್ಪಬೇಕು. ಮೂರು ತಿಂಗಳು ಕಳೆದು ಪುಟ ಖಾಲಿ ಇದ್ದರೆ ಬೇಡಿಕೆ ಇಳಿಸು. ಐದನೆಯ ತಿಂಗಳ ತನಕ ಹಟ ಹಿಡಿಯಬೇಡ.

ಭಾನುವಾರ ಮನೆಗೆ ಬಾ. ಕೊನೆಯ ಮೂರು ತಿಂಗಳ ಸಂಬಳ ಚೀಟಿ, ನೇಮಕಾತಿ ಪತ್ರ ತಾ, ಲೆಕ್ಕ ಇನ್ನೊಮ್ಮೆ ನೋಡೋಣ.

ನಿನ್ನ ಹಳೆಯ ಗೆಳೆಯ