ಕೇಳುವುದಕ್ಕೆ ಮುಂಚಿನ ಮಾತು

ಐದಾರು ವರ್ಷ ಮಾತೇ ಆಡದ ಹಳೆಯ ಸಹೋದ್ಯೋಗಿಗೆ ಮೊದಲ ಮೆಸೇಜಿನಲ್ಲೇ ‘ನಿಮ್ಮ ಕಂಪನಿಯಲ್ಲಿ ಓಪನಿಂಗ್ ಇದ್ರೆ ಹೇಳಿ’ ಎಂದು ಬರೆಯಬಾರದು ಅನ್ನುವುದು ಎಲ್ಲರಿಗೂ ಗೊತ್ತಿರುವ ಬುದ್ಧಿಮಾತು. ಕೆಲಸ ಹುಡುಕುವವನಾಗಿಯೂ, ಬೇರೆಯವರ ರೆಸ್ಯೂಮ್ ಕೈಗೆ ಬಂದು ಕೂತಾಗಲೂ ನಾನು ಕಲಿತದ್ದೇನೆಂದರೆ, ಆ ಮಾತು ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಸಾಮಾನ್ಯವಾಗಿ ಇದನ್ನು ಮರ್ಯಾದೆಯ ವಿಷಯ ಅಂದುಕೊಳ್ಳುತ್ತೇವೆ. ಹಾಗಾಗಿ ‘ಹೇಗಿದ್ದೀರಿ, ಮನೇಲೆಲ್ಲ ಸೌಖ್ಯವೇ’ ಎಂದು ಎರಡು ಸಾಲು ಗೀಚಿ, ಮೂರನೆಯದರಲ್ಲಿ ಕೆಲಸ ಕೇಳಿ, ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೇವೆ. ನಿಜವಾದ ತೊಡಕು ಬೇರೆ ಕಡೆ ಇದೆ. ಆ ಮನುಷ್ಯನಿಗೆ ಗೊತ್ತಿರುವುದು ಆರು ವರ್ಷದ ಹಿಂದಿನ ನೀವು. ಇವತ್ತಿನ ನಿಮ್ಮ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲದಿರುವಾಗ, ಸಹಾಯ ಮಾಡುವ ಮನಸ್ಸಿದ್ದರೂ ಮಾಡಲು ಅವನ ಕೈಯಲ್ಲಿ ಸಾಮಗ್ರಿಯೇ ಇರುವುದಿಲ್ಲ.

ಹಳೆಯ ಪರಿಚಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂಬುದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಶೇಕಡಾ ಸುಮಾರು 17 ಮಂದಿಗೆ ಮಾತ್ರ ಆ ಸುದ್ದಿ ಪದೇಪದೇ ಸಿಗುವವರಿಂದ ಬಂದಿತ್ತು. ಶೇಕಡಾ ಸುಮಾರು 28 ಮಂದಿಗೆ ಸುದ್ದಿ ತಂದವರು ವರ್ಷಕ್ಕೊಮ್ಮೆ ಸಿಕ್ಕರೂ ಹೆಚ್ಚು ಅನ್ನುವಂಥವರು. ದಿನಾ ಕಾಫಿ ಕುಡಿಯುವ ಗೆಳೆಯನಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ; ದೂರದವನು ಬೇರೆ ಗಾಳಿ ಉಸಿರಾಡುತ್ತಿರುತ್ತಾನೆ. 2011ರಲ್ಲಿ ಲೆವಿನ್, ವಾಲ್ಟರ್, ಮರ್ನಿಘನ್ ಎಂಬ ಮೂವರು ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕನಿಷ್ಠ ಮೂರು ವರ್ಷ ಸಂಪರ್ಕವಿಲ್ಲದವರನ್ನು ಮತ್ತೆ ಮಾತಾಡಿಸಿ, ಕೈಯಲ್ಲಿರುವ ಕೆಲಸದ ಬಗ್ಗೆ ಸಲಹೆ ಕೇಳಿ ಎಂದು ಕಂಪನಿಗಳ ಹಿರಿಯ ಅಧಿಕಾರಿಗಳಿಗೆ ಹೇಳಿದರು. ಸಿಕ್ಕ ಸಲಹೆಗಳಲ್ಲಿ ಹೊಸತನವೂ ಇತ್ತು, ಹಿಂದೆ ಗಟ್ಟಿಯಾಗಿದ್ದ ಸಂಬಂಧಗಳಲ್ಲಿ ನಂಬಿಕೆಯೂ ಉಳಿದಿತ್ತು. ಒಂದು ವಿಷಯ ಗಮನಿಸಿ: ಆ ಅಧಿಕಾರಿಗಳು ಕೇಳಿದ್ದು ಸಲಹೆಯನ್ನು, ನೌಕರಿಯನ್ನಲ್ಲ. ನನ್ನ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ.

‘ಓಪನಿಂಗ್ ಇದೆಯಾ’ ಎಂಬ ಪ್ರಶ್ನೆಗೆ ಉತ್ತರ ಇದೆ ಅಥವಾ ಇಲ್ಲ, ಎರಡೇ. ಕೇಳಿಸಿಕೊಂಡವನು ಆ ಕ್ಷಣಕ್ಕೆ ತನ್ನ ತಲೆಯಲ್ಲಿರುವ ಹುದ್ದೆಗಳನ್ನು ನೆನೆಯುತ್ತಾನೆ, ಸಾಮಾನ್ಯವಾಗಿ ಅಲ್ಲಿ ಒಂದೂ ಇರುವುದಿಲ್ಲ. ‘ಇದ್ರೆ ಹೇಳ್ತೀನಿ’ ಅನ್ನುತ್ತಾನೆ. ಬಾಗಿಲು ಮುಚ್ಚಿತು, ಅದೂ ಸೌಜನ್ಯದಿಂದ. ಅದೇ ಅವನೊಡನೆ ಹದಿನೈದು ನಿಮಿಷ ಕೆಲಸದ ಮಾತಾಡಿದರೆ, ಪಕ್ಕದ ಟೀಮಿನ ಮ್ಯಾನೇಜರು ಆರು ತಿಂಗಳಿಂದ ಜನ ಸಿಗುತ್ತಿಲ್ಲ ಎಂದು ಗೊಣಗಿದ್ದು ತಾನಾಗಿ ನೆನಪಾಗುತ್ತದೆ. ಅದಿನ್ನೂ ಹುದ್ದೆಯಾಗಿ ಎಲ್ಲೂ ಪ್ರಕಟವಾಗಿರುವುದಿಲ್ಲ, ಹಾಗಾಗಿ ‘ಓಪನಿಂಗ್’ ಎಂಬ ಪ್ರಶ್ನೆಗೆ ಅದು ಸಿಕ್ಕುವುದೂ ಇಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟಿಂಗ್ ಎಂಜಿನಿಯರ್ ಒಬ್ಬರು, ಹತ್ತು ವರ್ಷದ ಅನುಭವ. ಅವರ ಹಳೆಯ ಟೀಮ್ ಲೀಡ್ ಆರು ವರ್ಷದ ಹಿಂದೆ ಕಂಪನಿ ಬಿಟ್ಟು ಈಗ ಹೈದರಾಬಾದಿನಲ್ಲಿ ವಿದೇಶಿ ಬ್ಯಾಂಕೊಂದರ ತಾಂತ್ರಿಕ ಕೇಂದ್ರದಲ್ಲಿದ್ದಾರೆ. ಮೊದಲ ಮೆಸೇಜು ಹೀಗಿರಬಹುದು: ‘ಸರ್, ನಮಸ್ಕಾರ. ಬಿಲ್ಲಿಂಗ್ ಪ್ರಾಜೆಕ್ಟಿನಲ್ಲಿ ನಿಮ್ಮ ಟೀಮಿನಲ್ಲಿದ್ದೆ, ರಾತ್ರಿ ರಿಲೀಸುಗಳ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೆ. ಬಗ್ ರಿಪೋರ್ಟನ್ನು ಡೆವಲಪರ್‌ಗೆ ಅರ್ಥವಾಗುವ ಹಾಗೆ ಬರೆಯೋದು ನಿಮ್ಮಿಂದ ಕಲಿತದ್ದು, ಈಗ ಹೊಸಬರಿಗೂ ಅದನ್ನೇ ಹೇಳಿಕೊಡುತ್ತೇನೆ. ಮೂರು ವರ್ಷದಿಂದ ಆಟೊಮೇಷನ್ ಕಡೆ ಇದ್ದೇನೆ. ಈ ಪ್ರಾಜೆಕ್ಟ್ ಮುಗಿಯುತ್ತಾ ಬಂತು, ಮುಂದೇನು ಅಂತ ಯೋಚಿಸುತ್ತಿದ್ದೇನೆ. ಬ್ಯಾಂಕಿಂಗ್ ಕಡೆ ಟೆಸ್ಟಿಂಗ್ ಹೇಗೆ ಬೇರೆ ಅಂತ ನಿಮ್ಮಿಂದ ತಿಳಿಯುವ ಆಸೆ. ಬಿಡುವಿದ್ದಾಗ ಹದಿನೈದು ನಿಮಿಷ ಫೋನ್ ಮಾಡಬಹುದಾ?’ ಇಷ್ಟೇ. ತಾನು ಯಾರು ಎಂಬುದಕ್ಕೆ ಗುರುತು, ಇಬ್ಬರಿಗೂ ಗೊತ್ತಿರುವ ಕೆಲಸದ ಒಂದು ನೆನಪು, ಈಗಿನ ಸ್ಥಿತಿ, ಸುಲಭವಾಗಿ ಒಪ್ಪಬಹುದಾದ ಒಂದು ಕೋರಿಕೆ. ರೆಸ್ಯೂಮ್ ಲಗತ್ತಿಸಿಲ್ಲ. ಸಂಬೋಧನೆಯೂ ಹಳೆಯದೇ. ಅಂದು ಸರ್ ಅಂದವರಿಗೆ ಇಂದೂ ಸರ್, ಅಂದು ‘ಏನೋ’ ಎಂದು ಮಾತಾಡಿಸಿದವನಿಗೆ ಅವನು ಡೈರೆಕ್ಟರ್ ಆಗಿದ್ದರೂ ಏಕವಚನವೇ ಚೆಂದ. ಗೆಳೆಯ ಇದ್ದಕ್ಕಿದ್ದಂತೆ ‘ತಾವು’ ಅಂದರೆ ಏನೋ ಕೇಳಲು ಬಂದಿದ್ದಾನೆ ಎಂದು ಯಾರಿಗೂ ಹೊಳೆಯುತ್ತದೆ.

ಇದು ನಾಟಕವಲ್ಲವೇ, ಮನಸ್ಸಿನಲ್ಲಿ ಕೆಲಸದ ಆಸೆ ಇಟ್ಟುಕೊಂಡು ಟೆಸ್ಟಿಂಗ್ ಬಗ್ಗೆ ಮಾತಾಡುವುದು ಕಪಟವಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಅದಕ್ಕೇ ‘ಮುಂದೇನು ಅಂತ ಯೋಚಿಸುತ್ತಿದ್ದೇನೆ’ ಎಂಬ ಸಾಲು ಮೊದಲ ಮೆಸೇಜಿನಲ್ಲೇ ಇರಬೇಕು. ಸ್ಥಿತಿಯನ್ನು ಮುಚ್ಚಿಟ್ಟು ನಾಲ್ಕು ವಾರ ಸ್ನೇಹ ಬೆಳೆಸಿ ಐದನೇ ವಾರ ಕೆಲಸ ಕೇಳಿದರೆ, ಹಿಂದಿನ ನಾಲ್ಕು ವಾರದ ಮಾತೆಲ್ಲ ಬಲೆಯಂತೆ ಕಾಣುತ್ತದೆ. ನೇರವಾಗಿ ಕೇಳುವುದಕ್ಕಿಂತ ಅದು ಕೆಟ್ಟದ್ದು. ಹೇಳಬೇಕಾದದ್ದು ಸ್ಥಿತಿಯನ್ನು, ತಡೆದುಕೊಳ್ಳಬೇಕಾದದ್ದು ಬೇಡಿಕೆಯನ್ನು. ಅವರೇ ‘ರೆಸ್ಯೂಮ್ ಕಳಿಸು’ ಅಂದರೆ ಸಂಕೋಚ ಬಿಟ್ಟು ಅವತ್ತೇ ಕಳಿಸಬೇಕು. ‘ಚೆನ್ನಾಗಿದ್ದೀನಪ್ಪ, ನೀನು?’ ಎಂದಷ್ಟೇ ಬಂದರೆ ಅವರಿಗೆ ಫೋನಿನ ಬಿಡುವಿಲ್ಲ ಎಂದರ್ಥ; ಪ್ರಶ್ನೆಯನ್ನೇ ಚಿಕ್ಕದು ಮಾಡಿ ಬರಹದಲ್ಲಿ ಕೇಳಬಹುದು. ಉತ್ತರವೇ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಸಲ, ಆಮೇಲೆ ಬಿಟ್ಟುಬಿಡುವುದು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಭಾರ. ಕೆಲಸ ಹೋಗಿದೆ, ಮುಂದಿನ ತಿಂಗಳ ಇಎಂಐ ತಲೆಯ ಮೇಲಿದೆ, ಇಷ್ಟೆಲ್ಲ ಉಪಚಾರಕ್ಕೆ ಸಮಯವೆಲ್ಲಿದೆ? ಇಲ್ಲ, ನಿಜ. ಆದರೆ ಮಾಹಿತಿ ಕೊಡುವುದಕ್ಕೆ ವಾರಗಳೇನೂ ಬೇಕಿಲ್ಲ. ‘ಲೇಆಫ್ ಆಯಿತು, ಎರಡು ತಿಂಗಳೊಳಗೆ ಸೇರಬೇಕಿದೆ’ ಎಂದು ಮೊದಲೇ ಹೇಳಿ, ಅದೇ ಫೋನಿನಲ್ಲಿ ಈ ವರ್ಷಗಳಲ್ಲಿ ಏನು ಮಾಡಿದೆ ಎಂದು ಐದು ನಿಮಿಷ ವಿವರಿಸಿ, ‘ನನ್ನಂಥವರು ಎಲ್ಲಿ ಬೇಕಾಗಬಹುದು ಅನ್ನಿಸುತ್ತೆ?’ ಎಂದು ಕೇಳಿದರೆ ಕ್ರಮ ಅದೇ, ಕಾಲ ಮಾತ್ರ ಕುಗ್ಗಿತು. ಎದುರಿಗಿರುವವನಿಗೂ ತುರ್ತು ಅರ್ಥವಾಗುತ್ತದೆ.

ರೆಫರಲ್ ಹಂತಕ್ಕೆ ಬಂದಾಗ ಈ ಮಾತುಕತೆಯ ಬೆಲೆ ಕಾಣುವುದು. ರೆಫರ್ ಮಾಡುವವನು ಅಲ್ಲಿ ತನ್ನ ಹೆಸರು ಹಾಕುತ್ತಾನೆ. ಎಷ್ಟು ಕಾಲದಿಂದ ಗೊತ್ತು, ಯಾಕೆ ಸೂಕ್ತ ಎಂದು ಅವನನ್ನೂ ಕೇಳುತ್ತಾರೆ. ಆರು ವರ್ಷದ ಹಿಂದಿನ ಮುಖ ನೆನೆದುಕೊಂಡು ಬರೆಯುವ ಒಂದು ಸಾಲಿಗೂ, ಹೋದ ವಾರ ಮಾತಾಡಿ ಬರೆಯುವ ನಾಲ್ಕು ಸಾಲಿಗೂ ನೇಮಕ ಮಾಡುವವರು ಅಜಗಜಾಂತರ ಕಾಣುತ್ತಾರೆ. ಆಗ ಕೊಡಬೇಕಾದದ್ದು ಹುದ್ದೆಯ ಐಡಿ, ರೆಸ್ಯೂಮ್, ಅವನು ಹಾಗೇ ಬಳಸಬಹುದಾದ ಮೂರು ಸಾಲಿನ ಪರಿಚಯ. ಅನೇಕ ಕಂಪನಿಗಳಲ್ಲಿ ಅಭ್ಯರ್ಥಿ ತಾನೇ ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದರೆ ಕೆಲವು ತಿಂಗಳವರೆಗೆ ಬೇರೆಯವರ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ. ಆತುರದಲ್ಲಿ ಎಲ್ಲ ಕಡೆ ‘ಅಪ್ಲೈ’ ಒತ್ತಿ, ಆಮೇಲೆ ಪರಿಚಯದವರನ್ನು ಹುಡುಕುವುದು ಇಲ್ಲಿ ಮುಗ್ಗರಿಸುತ್ತದೆ.

ಎಲ್ಲ ಹಳೆಯ ಪರಿಚಯವನ್ನೂ ಹೀಗೆ ಎಬ್ಬಿಸಬಹುದು ಅಂತಲೂ ಅಲ್ಲ. ತಾನಾಗಿ ಮಸುಕಾದ ಸಂಬಂಧ ಬೇರೆ, ಜಗಳದಲ್ಲಿ ಮುರಿದದ್ದು ಬೇರೆ. ಅಪ್ರೈಸಲ್ ವಿಷಯಕ್ಕೆ ಮನಸ್ತಾಪವಾಗಿ ಬಿಟ್ಟುಹೋದ ಮ್ಯಾನೇಜರಿಗೆ ಹಳೆಯ ಪ್ರಾಜೆಕ್ಟ್ ನೆನಪಿಸಿದರೆ ನೆನಪಾಗುವುದೂ ಆ ಮನಸ್ತಾಪವೇ. ಒಟ್ಟಿಗೆ ಕೆಲಸವನ್ನೇ ಮಾಡದೆ ಲಿಂಕ್ಡ್‌ಇನ್‌ನಲ್ಲಿ ಮಾತ್ರ ಜೋಡಿಯಾದವರ ವಿಷಯವೂ ಬೇರೆ. ಅಲ್ಲಿ ನೆನಪಿಸಲು ಹಳೆಯದು ಏನೂ ಇಲ್ಲ, ಅದು ಹೊಸ ಪರಿಚಯವೇ. ಅವರಿಗೆ ‘ಹಳೆಯ ದಿನಗಳು’ ಎಂದು ಬರೆಯುವುದಕ್ಕಿಂತ, ‘ನಾವು ಭೇಟಿಯಾಗಿಲ್ಲ, ನಿಮ್ಮ ಕೆಲಸದ ಬಗ್ಗೆ ಒಂದು ಪ್ರಶ್ನೆ ಇದೆ’ ಎಂದು ಬರೆದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.