ಮೊದಲ ಫ್ಲ್ಯಾಟ್‌ನ ಗೃಹಪ್ರವೇಶ: ಸಂಕಲ್ಪ, ಸರಳ ಪೂಜೆ, ಹಾಲುಕ್ಕಿಸುವುದು



2025ರ ಫೆಬ್ರವರಿ 2ರಂದು ನ್ಯೂಜೆರ್ಸಿಯಲ್ಲಿ ನಮ್ಮ ಮೊದಲ ಸ್ವಂತ ಫ್ಲ್ಯಾಟ್‌ನ ಗೃಹಪ್ರವೇಶವಾಯಿತು. ಪುರೋಹಿತರನ್ನು ಮೊದಲೇ ಗೊತ್ತು ಮಾಡಿದ್ದೆವು. ಎರಡು ದಿನ ಮುಂಚೆ ಫೋನ್ ಮಾಡಿ, ಜ್ವರ ಬಂದಿದೆ, ಬರಲಾಗದು ಎಂದರು. ಬೇರೆಯವರು ಸಿಗಲಿಲ್ಲ. ಹಾಸನದಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ. "ನೀವಿಬ್ಬರೇ ಮಾಡ್ರೋ. ಸಂಕಲ್ಪ ಮಾಡು, ಗಣಪತಿ ಪೂಜೆ ಮಾಡು, ಹಾಲುಕ್ಕಿಸು. ಹೋಮ ಆಮೇಲೆ ದೇವಸ್ಥಾನದಲ್ಲಿ ಮಾಡಿಸಿದರಾಯಿತು" ಅಂದರು. ಹೇಳುವುದು ಸುಲಭ! ನಾನು ಓದಿದ್ದು ಎಂಜಿನಿಯರಿಂಗ್, ಮಂತ್ರ ಅಲ್ಲ. ಆ ಎರಡು ದಿನ ಅಮ್ಮನನ್ನೂ ನಮ್ಮೂರಿನ ಪುರೋಹಿತರನ್ನೂ ಕೇಳಿ ಕಲಿತದ್ದನ್ನು, ಇದೇ ಪರಿಸ್ಥಿತಿಯಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ವಾಸ್ತುಹೋಮಕ್ಕೆ ಬದಲಿಯಲ್ಲ. ಮನೆಮನೆಯ ಸಂಪ್ರದಾಯವೂ ಬೇರೆ ಬೇರೆ. ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗ ಪೂಜೆ, ಜಂಗಮರ ಪಾದೋದಕ ಮುಖ್ಯ. ಕೆಳಗಿನದು ನಮ್ಮ ಮನೆಯ ರೀತಿ. ನಿಮ್ಮ ಹಿರಿಯರನ್ನು ಒಂದು ಮಾತು ಕೇಳಿ, ಬೇಕಾದಂತೆ ಬದಲಿಸಿಕೊಳ್ಳಿ.

ಸಂಕಲ್ಪ ಎಂದರೆ ವಿಳಾಸ

ಸಂಕಲ್ಪವನ್ನು ನಾನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೆ. ಪುರೋಹಿತರು ಗಡಗಡ ಹೇಳುತ್ತಿದ್ದರು, ನಾವು ಕೈಯಲ್ಲಿ ಅಕ್ಷತೆ ಹಿಡಿದು ಕೂರುತ್ತಿದ್ದೆವು. ಅದನ್ನು ಬಿಡಿಸಿ ನೋಡಿದರೆ ನಾಲ್ಕೇ ಪ್ರಶ್ನೆಗಳಿಗೆ ಉತ್ತರ: ಎಲ್ಲಿ? ಯಾವಾಗ? ಯಾರು? ಏತಕ್ಕೆ?

ಮೊದಲ ಪ್ರಶ್ನೆಯಲ್ಲೇ ತೊಡಕು. ಊರಿನಲ್ಲಿ "ಜಂಬೂದ್ವೀಪೇ ಭರತವರ್ಷೇ ಭರತಖಂಡೇ" ಎನ್ನುತ್ತೇವೆ. ನ್ಯೂಜೆರ್ಸಿಯಲ್ಲಿ ಕುಳಿತು ಹಾಗೆ ಹೇಳಿದರೆ ವಿಳಾಸವೇ ತಪ್ಪಾಯಿತಲ್ಲ! ಅಮೆರಿಕದ ಅನೇಕ ದೇವಸ್ಥಾನಗಳಲ್ಲಿ ಪುರೋಹಿತರು "ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ" ಎಂದು ಹೇಳುವ ರೂಢಿಯಿದೆ. ಬೇರೆ ದೇಶದಲ್ಲಿರುವವರು ತಮ್ಮ ಊರಿನ ದೇವಸ್ಥಾನದಲ್ಲಿ ಏನು ಹೇಳುತ್ತಾರೆಂದು ಕೇಳಿಕೊಂಡರೆ ಸಾಕು.

ಎರಡನೆಯದು ಕಾಲ. ನಾನು ಎಡವಿದ್ದು ಇಲ್ಲೇ. ಊರಿನಿಂದ ತಂದ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ 2ಕ್ಕೆ ಮಾಘ ಶುದ್ಧ ಚತುರ್ಥಿ ಎಂದಿತ್ತು. ಚತುರ್ಥಿ, ನವಮಿ, ಚತುರ್ದಶಿ ಇವು ರಿಕ್ತ ತಿಥಿಗಳು, ಗೃಹಪ್ರವೇಶಕ್ಕೆ ಬಿಡುತ್ತಾರೆ. ಎದೆ ಧಸಕ್ಕೆಂದಿತು. ಪುರೋಹಿತರು ಇಂಥ ದಿನ ಹೇಗೆ ಕೊಟ್ಟರು?

ಊರಿನ ಪುರೋಹಿತರು ಫೋನಿನಲ್ಲಿ ನಕ್ಕರು. "ಅದು ಇಲ್ಲಿನ ಸೂರ್ಯೋದಯದ ಹೊತ್ತಿನ ತಿಥಿ. ನಿಮ್ಮ ಗಡಿಯಾರಕ್ಕೆ ಲೆಕ್ಕ ಹಾಕಿ ನೋಡಿ" ಅಂದರು. ಕ್ಯಾಲೆಂಡರ್‌ನಲ್ಲಿ ಸಣ್ಣ ಅಕ್ಷರದಲ್ಲಿ ತಿಥಿ ಮುಗಿಯುವ ಹೊತ್ತು ಇರುತ್ತದೆ. ಅಂದು ಚತುರ್ಥಿ ಭಾರತದ ಸಮಯ ಬೆಳಿಗ್ಗೆ 9.14ಕ್ಕೆ ಮುಗಿದು ಪಂಚಮಿ ಶುರುವಾಗಿ, ಮಾರನೆಯ ದಿನ ಬೆಳಿಗ್ಗೆ 6.52ರವರೆಗೆ ಇತ್ತು. ತಿಥಿ ಎನ್ನುವುದು ಸೂರ್ಯ ಚಂದ್ರರ ನಡುವಿನ ಅಂತರದ ಲೆಕ್ಕ. ಆದ್ದರಿಂದ ಅದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಬದಲಾಗುತ್ತದೆ, ಗಡಿಯಾರ ಮಾತ್ರ ಬೇರೆ. ಚಳಿಗಾಲದಲ್ಲಿ ನಾವು ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಕಳೆದು ನೋಡಿದರೆ ನಮ್ಮಲ್ಲಿ ಪಂಚಮಿ ಫೆಬ್ರವರಿ 1ರ ರಾತ್ರಿ 10.44ಕ್ಕೆ ಶುರುವಾಗಿ, ಫೆಬ್ರವರಿ 2ರ ರಾತ್ರಿ 8.22ರವರೆಗೆ. ಅಂದರೆ ಭಾನುವಾರ ಬೆಳಿಗ್ಗೆ ನಮಗೆ ಶುದ್ಧ ಪಂಚಮಿ! ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕಿಡುವುದರಿಂದ ಒಂಬತ್ತೂವರೆ ಗಂಟೆ ಕಳೆಯಬೇಕು, ಮರೆಯಬೇಡಿ. ಭಾನುವಾರವನ್ನೂ ಕೆಲವರು ಗೃಹಪ್ರವೇಶಕ್ಕೆ ಬಿಡುತ್ತಾರೆ. ನಾವು ರಜೆ ನೋಡಿ, ಪುರೋಹಿತರ ಒಪ್ಪಿಗೆ ಕೇಳಿ ಇಟ್ಟುಕೊಂಡೆವು.

ಇಷ್ಟಾದ ಮೇಲೆ ನಮ್ಮ ಸಂಕಲ್ಪ ಹೀಗಾಯಿತು:

"ಶುಭೇ ಶೋಭನೇ ಮುಹೂರ್ತೇ, ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ, ಕ್ರೋಧಿ ನಾಮ ಸಂವತ್ಸರೇ, ಉತ್ತರಾಯಣೇ, ಶಿಶಿರ ಋತೌ, ಮಾಘ ಮಾಸೇ, ಶುಕ್ಲ ಪಕ್ಷೇ, ಪಂಚಮ್ಯಾಂ ತಿಥೌ, ಭಾನುವಾಸರೇ, ಅಸ್ಮಾಕಂ ಸಹಕುಟುಂಬಾನಾಂ ಕ್ಷೇಮ ಸ್ಥೈರ್ಯ ಆಯುರಾರೋಗ್ಯ ಅಭಿವೃದ್ಧ್ಯರ್ಥಂ, ನೂತನ ಗೃಹಪ್ರವೇಶಾಂಗತ್ವೇನ ಗಣಪತಿ ಪೂಜಾಂ ವಾಸ್ತುಪುರುಷ ಪೂಜಾಂ ಚ ಕರಿಷ್ಯೇ."

ನೀವು ಬದಲಿಸಬೇಕಾದದ್ದು ದ್ವೀಪದಿಂದ ವಾರದವರೆಗಿನ ಪದಗಳು ಮಾತ್ರ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗೆ ಅಲ್ಲ. "ಕರಿಷ್ಯೇ" ಎಂದರೆ "ಮಾಡುತ್ತೇನೆ". ಹಾಗೆನ್ನುತ್ತ ಕೈಯಲ್ಲಿದ್ದ ಅಕ್ಷತೆಯ ಮೇಲೆ ಒಂದು ಉದ್ಧರಣೆ ನೀರು ಹಾಕಿಕೊಂಡು ತಟ್ಟೆಗೆ ಬಿಡುವುದು.

ನನ್ನ ಹೆಂಡತಿ ಕೇಳಿದಳು: "ರೀ, ಇಷ್ಟು ಹೇಳಿದಿರಿ, ನಮ್ಮ ಮಗಳಿಗೆ ಏನು ಅರ್ಥವಾಯಿತು?" ನ್ಯಾಯವೇ. ಅದಕ್ಕೆ ಕನ್ನಡದಲ್ಲೂ ಒಮ್ಮೆ ಹೇಳಿದೆವು: "ದೇವರೇ, ದೂರದ ಈ ಊರಿನಲ್ಲಿ, ಮಾಘ ಮಾಸದ ಈ ಪಂಚಮಿಯ ದಿನ, ನಾವು ಮೂವರೂ ಈ ಮನೆಗೆ ಕಾಲಿಡುತ್ತಿದ್ದೇವೆ. ಇಲ್ಲಿ ನಮಗೆ ಆರೋಗ್ಯವಿರಲಿ, ನೆಮ್ಮದಿಯಿರಲಿ. ಬಂದವರಿಗೆ ಊಟವಿರಲಿ. ಈ ಪೂಜೆಯನ್ನು ಒಪ್ಪಿಸಿಕೋ." ಆರು ವರ್ಷದ ಮಗಳು "ಬಂದವರಿಗೆ ಊಟವಿರಲಿ" ಎನ್ನುವುದನ್ನು ಇಂದಿಗೂ ಹೇಳುತ್ತಾಳೆ.

"ನಮಃ" ಹೇಳುವ ಬಗೆ

ಮಂತ್ರ ಬಾರದವರಿಗೆ ನಾಮಮಂತ್ರವೇ ಆಸರೆ. ಕನ್ನಡದಲ್ಲಿ "ಗಣಪತಿಗೆ ನಮಸ್ಕಾರ" ಎನ್ನುವಾಗ "ಗೆ" ಹಚ್ಚುತ್ತೇವಲ್ಲ, ಸಂಸ್ಕೃತದಲ್ಲಿ ಆ ಚತುರ್ಥಿ ವಿಭಕ್ತಿ ಹೆಸರಿನ ಕೊನೆಯ ಅಕ್ಷರದಂತೆ ಬದಲಾಗುತ್ತದೆ. ಗಣೇಶ ಎಂಬುದು ಗಣೇಶಾಯ ನಮಃ, ವಾಸ್ತುಪುರುಷ ಎಂಬುದು ವಾಸ್ತುಪುರುಷಾಯ ನಮಃ. ಗಣಪತಿ ಎಂಬುದು ಗಣಪತಯೇ ನಮಃ, ಶಂಭು ಎಂಬುದು ಶಂಭವೇ ನಮಃ. ಹೆಣ್ಣು ದೇವರಾದರೆ ದುರ್ಗಾಯೈ ನಮಃ, ಲಕ್ಷ್ಮ್ಯೈ ನಮಃ. ಇದೊಂದು ತಿಳಿದರೆ ನಿಮ್ಮ ಮನೆದೇವರ ಹೆಸರನ್ನು ನೀವೇ ಸರಿಯಾಗಿ ಹೇಳಬಹುದು.

ಹೊಸ್ತಿಲಿನಿಂದ ಒಲೆಯವರೆಗೆ

ಬಾಗಿಲಿಗೆ ಮಾವಿನೆಲೆಯ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ, ಹೊರಗೆ ಪುಟ್ಟ ರಂಗೋಲಿ. ಫ್ಲ್ಯಾಟ್‌ಗಳ ಮೊಗಸಾಲೆಯಲ್ಲಿ ಕಾರ್ಪೆಟ್ ಇದ್ದರೆ ಅರಿಶಿನ ಬಿದ್ದ ಕಲೆ ಹೋಗುವುದಿಲ್ಲ. ನಾವು ಒಂದು ಮಣೆಯ ಮೇಲೆ ರಂಗೋಲಿ ಹಾಕಿ ಬಾಗಿಲ ಪಕ್ಕ ಇಟ್ಟೆವು. ಕಲಶಕ್ಕೆ ತಾಮ್ರದ ಚೊಂಬಿನಲ್ಲಿ ಮುಕ್ಕಾಲು ನೀರು, ಒಂದು ನಾಣ್ಯ, ಒಂದು ಅಡಿಕೆ, ಚಿಟಿಕೆ ಅರಿಶಿನ, ಐದು ಮಾವಿನೆಲೆ, ಮೇಲೆ ತೆಂಗಿನಕಾಯಿ.

ಒಳಗೆ ಹೋಗುವಾಗ ಹೆಂಡತಿ ಕಲಶ ಹಿಡಿದಳು, ನಾನು ದೇವರ ಫೋಟೋ ಹಿಡಿದೆ, ಮಗಳ ಕೈಗೆ ಅಕ್ಕಿ, ಉಪ್ಪು, ಬೆಲ್ಲವಿದ್ದ ಬುಟ್ಟಿ. ಬಲಗಾಲು ಮುಂದಿಟ್ಟು ಮೂವರೂ ಜೊತೆಯಾಗಿ ಒಳಗೆ ಬಂದೆವು.

ಪೂರ್ವ ದಿಕ್ಕಿಗೆ ಮುಖ ಮಾಡಿ ಕುಳಿತು, ದೀಪ ಹಚ್ಚಿ, ಸಂಕಲ್ಪ. ಅರಿಶಿನ ಪುಡಿಗೆ ನೀರು ಸೇರಿಸಿ ಮಾಡಿದ ಪುಟ್ಟ ಗಣಪತಿಗೆ ಐದು ಉಪಚಾರ. ಪ್ರತಿ ಸಲವೂ "ಮಹಾಗಣಪತಯೇ ನಮಃ" ಎಂದು ಸೇರಿಸಿ ಹೇಳಬೇಕು: ಗಂಧಂ ಸಮರ್ಪಯಾಮಿ, ಪುಷ್ಪಂ ಸಮರ್ಪಯಾಮಿ, ಧೂಪಂ ಆಘ್ರಾಪಯಾಮಿ, ದೀಪಂ ದರ್ಶಯಾಮಿ, ನೈವೇದ್ಯಂ ಸಮರ್ಪಯಾಮಿ. ಧೂಪಕ್ಕೆ ಮಾತ್ರ "ಆಘ್ರಾಪಯಾಮಿ", ಅಂದರೆ ಪರಿಮಳ ಮೂಸುವಂತೆ ಮಾಡುತ್ತೇನೆ. ದೀಪಕ್ಕೆ "ದರ್ಶಯಾಮಿ", ತೋರಿಸುತ್ತೇನೆ. ಆಮೇಲೆ ಇದೇ ಐದನ್ನು "ವಾಸ್ತುಪುರುಷಾಯ ನಮಃ" ಎಂದು ಮಾಡಿ, ಕೊನೆಗೆ ಮನೆದೇವರಿಗೆ ನಮಸ್ಕಾರ. ಪೂಜೆ ಮುಗಿದ ಮೇಲೆ ಕಲಶದ ನೀರನ್ನು ಮಾವಿನೆಲೆಯಿಂದ ಬಾಗಿಲಿನಿಂದ ಶುರು ಮಾಡಿ ಪ್ರದಕ್ಷಿಣೆಯಾಗಿ ಪ್ರತಿ ಕೋಣೆಗೂ ಚಿಮುಕಿಸಿದೆವು. ಪ್ಲಗ್‌ಗಳ ಹತ್ತಿರ ಮಾತ್ರ ಬೇಡ.

ಹೊಗೆಯ ವಿಷಯ ಮುಖ್ಯ. ಕರ್ಪೂರದ ಕಪ್ಪು ಹೊಗೆಗೆ ಅಲಾರಂ ಬೇಗ ಕೂಗುತ್ತದೆ. ಅದನ್ನು ಕಿತ್ತಿಡುವುದು, ಬಟ್ಟೆ ಮುಚ್ಚುವುದು ಮಾಡಬೇಡಿ. ಕಡಲೆಕಾಳಿನಷ್ಟು ಕರ್ಪೂರ ಸಾಕು, ಅಥವಾ ತುಪ್ಪದ ಬತ್ತಿಯಲ್ಲೇ ಆರತಿ ಮಾಡಬಹುದು. ಕಿಟಕಿ ತೆರೆದಿಡಿ. ಹೊಗೆ ಹೆಚ್ಚಾಯಿತೆಂದು ಮೊಗಸಾಲೆಯ ಬಾಗಿಲು ತೆರೆಯಬೇಡಿ. ಹೊಗೆ ಅಲ್ಲಿನ ಅಲಾರಂಗೆ ತಗುಲಿದರೆ ಇಡೀ ಕಟ್ಟಡದ ಜನ ಚಳಿಯಲ್ಲಿ ಹೊರಗೆ ನಿಲ್ಲಬೇಕಾದೀತು. ಹೋಮವನ್ನು ದೇವಸ್ಥಾನದಲ್ಲಿ ಮಾಡಿಸಿ ತೀರ್ಥ ತಂದು ಚಿಮುಕಿಸುವುದು ಲೇಸು. ನಾವೂ ಮೂರು ವಾರದ ನಂತರ ಹಾಗೆಯೇ ಮಾಡಿದೆವು.

ಇನ್ನು ಹಾಲು. ಅಮ್ಮ ಕೊಟ್ಟ ಹಿತ್ತಾಳೆ ಪಾತ್ರೆಯಲ್ಲೇ ಉಕ್ಕಿಸಬೇಕೆಂದು ನಮ್ಮ ಆಸೆ. ಹಿಂದಿನ ರಾತ್ರಿ ನೀರಿಟ್ಟು ನೋಡಿದೆ, ಇಂಡಕ್ಷನ್ ಒಲೆ ಹತ್ತಲೇ ಇಲ್ಲ. ಆ ಒಲೆಗೆ ಅಯಸ್ಕಾಂತ ಅಂಟಿಕೊಳ್ಳುವ ಪಾತ್ರೆಯೇ ಬೇಕು. ಹಿತ್ತಾಳೆ, ತಾಮ್ರ, ಬೆಳ್ಳಿ ನಡೆಯುವುದಿಲ್ಲ. ಫ್ರಿಜ್ಜಿನ ಅಯಸ್ಕಾಂತವನ್ನು ತಳಕ್ಕೆ ಹಿಡಿದು ನೋಡಿ, ಅಂಟಿದರೆ ಸರಿ. ಕೊನೆಗೆ ಸ್ಟೀಲ್ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿದೆವು. ಚಿಕ್ಕ, ಬಾಯಿ ಕಿರಿದಾದ ಪಾತ್ರೆಯಲ್ಲಿ ಮುಕ್ಕಾಲು ಭಾಗ ಕೆನೆ ತೆಗೆಯದ ಹಾಲು ಹಾಕಿ. ಅಗಲ ಪಾತ್ರೆಯಲ್ಲಿ ಸ್ವಲ್ಪವೇ ಹಾಲಿದ್ದರೆ ಕುದಿಯುತ್ತದೆಯೇ ಹೊರತು ಅಂಚು ದಾಟುವುದಿಲ್ಲ. ಉಕ್ಕಿ ಒಂದೆರಡು ಹನಿ ಚೆಲ್ಲಿದ ಕೂಡಲೇ ಒಲೆ ಆರಿಸಿ. ಗಾಜಿನ ಒಲೆ ತಣ್ಣಗಾದ ಮೇಲೆಯೇ ಒರೆಸಿ, ಬಿಸಿಯಿರುವಾಗ ಕೈ ಹಾಕಬೇಡಿ.

ವಿಡಿಯೋದಲ್ಲಿ ಅಮ್ಮ ನೋಡುತ್ತಿದ್ದರು. ಅಲ್ಲಿ ರಾತ್ರಿ ಎಂಟು ದಾಟಿತ್ತು. "ಯಾವ ಕಡೆಗೆ ಉಕ್ಕಿತೋ?" ಅಂದರು. ಪೂರ್ವಕ್ಕೆ ಉಕ್ಕಿದರೆ ಶುಭ ಎನ್ನುತ್ತಾರೆ. ನಮ್ಮದು ಎಲ್ಲ ಕಡೆಗೂ ಉಕ್ಕಿತ್ತು. ಹಾಗೆಂದೆ. "ಇನ್ನೂ ಒಳ್ಳೇದೇ ಆಯಿತು ಬಿಡು" ಎಂದು ಕಣ್ಣೊರೆಸಿಕೊಂಡರು.

ಆ ಹಾಲನ್ನು ದೇವರಿಗೆ ನೈವೇದ್ಯ ಮಾಡಿ, ಉಳಿದದ್ದರಲ್ಲಿ ಸಕ್ಕರೆ ಹಾಕಿ ಬಂದವರಿಗೆಲ್ಲ ಕೊಟ್ಟೆವು. ಎದುರು ಮನೆಯ ಅಜ್ಜಿಗೂ ಒಂದು ಲೋಟ ಹೋಯಿತು. ಅಂದು ರಾತ್ರಿ ಮನೆ ಖಾಲಿ ಬಿಡಬಾರದೆಂಬ ಪದ್ಧತಿಯಂತೆ, ಮಂಚ ಬಂದಿರದಿದ್ದರೂ ಚಾಪೆ ಹಾಸಿ ಅಲ್ಲೇ ಮಲಗಿದೆವು. ಎಣ್ಣೆ ದೀಪವನ್ನು ಮಲಗುವ ಮುಂಚೆ ಹೂವಿನಿಂದ ಶಾಂತ ಮಾಡಿ, ದೇವರ ಮುಂದೆ ಸಣ್ಣ ವಿದ್ಯುತ್ ದೀಪ ಉರಿಯಬಿಟ್ಟೆವು. ಅರಿಶಿನದ ಗಣಪತಿಯನ್ನು ಮಾರನೆಯ ದಿನ ನೀರಿನಲ್ಲಿ ಕರಗಿಸಿ, ಕುಂಡದ ತುಳಸಿಯ ಪಕ್ಕದ ಗಿಡಕ್ಕೆ ಹಾಕಿದೆವು.

ಹೊಸ ಮನೆಗೆ ಹೋಗುವವರೆಲ್ಲರಿಗೂ ಶುಭವಾಗಲಿ. ಬಂದವರಿಗೆ ಊಟವಿರಲಿ!